ಮಿಠಾಯಿ ಕವರಿನ ಮೇಲಿನ 127

ಮೊನ್ನೆ ಒಬ್ಬ ತಾಯಿ ಬಣ್ಣದ ಮಿಠಾಯಿಯ ಕವರ್ ತಂದು ನನ್ನ ಮೇಜಿನ ಮೇಲಿಟ್ಟರು. ಮಗಳಿಗೆ ಮೂರು ವರ್ಷ, ತೂಕ 15 ಕೆ.ಜಿ. ಕವರಿನ ಹಿಂದೆ, ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ, ಸಣ್ಣಕ್ಷರದಲ್ಲಿ ‘ಬಣ್ಣಗಳು: 100, 110, 127’ ಎಂದಿತ್ತು. “100 ಅಂದ್ರೆ ಅರಿಶಿನದ್ದಂತೆ ಮೇಡಂ. ಪರವಾಗಿಲ್ಲ ಅಲ್ವಾ?” ಎಂದು ಕೇಳಿದರು.

100 ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ನಿಜ. 110 ಕಿತ್ತಳೆ ಬಣ್ಣದ ಸನ್‌ಸೆಟ್ ಯೆಲ್ಲೋ, 127 ಗುಲಾಬಿ ಬಣ್ಣದ ಎರಿಥ್ರೋಸಿನ್. ಇವೆರಡೂ ಸಿಂಥೆಟಿಕ್. ನೈಸರ್ಗಿಕ ಬಣ್ಣ ಒಂದಿದ್ದ ಮಾತ್ರಕ್ಕೆ ಉಳಿದೆರಡು ಮಾಯವಾಗುವುದಿಲ್ಲ. ಅದಕ್ಕೇ ಕವರಿನ ಮುಂಭಾಗದ ಮಾತಿಗಿಂತ ಹಿಂದಿನ ನಂಬರ್‌ಗಳನ್ನು ನೋಡಿ ಎಂದು ನಾನು ಹೇಳುವುದು.

ಪ್ರತಿ ಬಣ್ಣಕ್ಕೂ ದಿನದ ಒಂದು ಮಿತಿ ಇದೆ. ಜೀವನಪೂರ್ತಿ ದಿನಾ ತಿಂದರೂ ತೊಂದರೆಯಾಗದು ಎಂದು ತಜ್ಞರು ಒಪ್ಪಿದ ಪ್ರಮಾಣ ಅದು. ಅದನ್ನು ದೇಹದ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ವಿಶ್ವಸಂಸ್ಥೆಯ ಜಂಟಿ ತಜ್ಞರ ಸಮಿತಿಯ ಪ್ರಕಾರ ಒಂದು ಕೆ.ಜಿ. ತೂಕಕ್ಕೆ ಸನ್‌ಸೆಟ್ ಯೆಲ್ಲೋ 4 ಮಿ.ಗ್ರಾಂ, ಕರ್ಕ್ಯುಮಿನ್ 3 ಮಿ.ಗ್ರಾಂ, ಎರಿಥ್ರೋಸಿನ್ ಬರೀ 0.1 ಮಿ.ಗ್ರಾಂ. ನೋಡಿ, ಅರಿಶಿನದ ಬಣ್ಣಕ್ಕೂ ಮಿತಿ ಇದೆ. ಅದು ಆ ಸಿಂಥೆಟಿಕ್ ಹಳದಿಗಿಂತ ಕಡಿಮೆಯೇ.

ಈಗ ಈ ಮಗುವಿನ ಲೆಕ್ಕಕ್ಕೆ ಬರೋಣ. 15 ಕೆ.ಜಿ.ಗೆ ಸನ್‌ಸೆಟ್ ಯೆಲ್ಲೋ ದಿನಕ್ಕೆ 60 ಮಿ.ಗ್ರಾಂವರೆಗೆ ಸರಿ. ಎರಿಥ್ರೋಸಿನ್ ಆದರೆ 1.5 ಮಿ.ಗ್ರಾಂ ಅಷ್ಟೇ. ಯಾವುದು ಎಷ್ಟು ಹಾಕಿದ್ದಾರೆ ಎಂದು ಕವರ್ ಹೇಳುವುದಿಲ್ಲ. ಕೆ.ಜಿ. ಮಿಠಾಯಿಗೆ ಪ್ರತಿಯೊಂದೂ 100 ಮಿ.ಗ್ರಾಂ ಇದೆ ಎಂದುಕೊಳ್ಳಿ. ಮಗು 20 ಗ್ರಾಂ ತಿಂದರೆ ಪ್ರತಿ ಬಣ್ಣ 2 ಮಿ.ಗ್ರಾಂ ಒಳಗೆ ಹೋಯಿತು. 110ರ ಮಟ್ಟಿಗೆ ಅದು ಏನೂ ಅಲ್ಲ. 127ರ ಮಿತಿ ಮಾತ್ರ ಆ ಒಂದು ಹಿಡಿಗೇ ದಾಟಿತು. 60 ಕೆ.ಜಿ. ತೂಗುವ ಅಮ್ಮ ಅಷ್ಟನ್ನೇ ತಿಂದರೆ ಅವರ 6 ಮಿ.ಗ್ರಾಂ ಮಿತಿಯ ಮೂರನೇ ಒಂದು ಭಾಗ ಮಾತ್ರ.

127ಕ್ಕೆ ಯಾಕಿಷ್ಟು ಬಿಗಿ? ಎರಿಥ್ರೋಸಿನ್‌ನಲ್ಲಿ ಅಯೋಡಿನ್ ಇದೆ. ಜಾಸ್ತಿಯಾದರೆ ಥೈರಾಯ್ಡ್ ಕೆಲಸದಲ್ಲಿ ಏರುಪೇರಾಗುತ್ತದೆ ಎಂಬುದನ್ನು ನೋಡಿಯೇ ಈ ಮಿತಿ ಇಟ್ಟದ್ದು. ಯುರೋಪ್ ಒಕ್ಕೂಟದಲ್ಲಿ ತಿನಿಸುಗಳ ಪೈಕಿ ಸಂಸ್ಕರಿಸಿದ ಚೆರ್ರಿಗಷ್ಟೇ ಇದಕ್ಕೆ ಅನುಮತಿ.

“ಅಯ್ಯೋ, ನಿನ್ನೆ ಅರ್ಧ ಪ್ಯಾಕೆಟ್ ತಿಂದಿದ್ದಾಳೆ!” ಎಂದು ಆ ತಾಯಿ ಗಾಬರಿಯಾದರು. ಗಾಬರಿ ಬೇಡ ಎಂದೆ. ತೊಂದರೆ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರು ಪಾಲು, ಕೆಲವು ಬಣ್ಣಗಳಿಗೆ ಹತ್ತು ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನೇ ಮಿತಿ ಎಂದು ಇಡುತ್ತಾರೆ. ಒಂದು ದಿನ ದಾಟಿದರೆ ಅದು ವಿಷವಾಗುವುದಿಲ್ಲ. ದಿನಾ ದಾಟುವುದು ಬೇಡ, ಅಷ್ಟೇ. ಹಾಗಾಗಿ ದಿನಾ ಕೈಗೆ ಸಿಗುವ ಡಬ್ಬಿಯಲ್ಲಿ 127 ಇರುವ ಮಿಠಾಯಿ ಇಡಬೇಡಿ ಎಂದು ಹೇಳಿ ಕಳಿಸಿದೆ.

ಹೊರಡುವಾಗ ಇನ್ನೊಂದು ಕವರ್ ತೋರಿಸಿದರು. ಅದರಲ್ಲಿ 120 ಇತ್ತು. ಅದು ಕಾರ್ಮೈನ್, ನೈಸರ್ಗಿಕ ಕೆಂಪು, ಒಂದು ಬಗೆಯ ಕೀಟದಿಂದ ತೆಗೆದದ್ದು. ಸಸ್ಯಾಹಾರಿಗಳಿಗೆ ಆಗದು. ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಅವರು ಅದನ್ನು ಸುಮ್ನೆ ವಾಪಸ್ ಚೀಲಕ್ಕೆ ಹಾಕಿಕೊಂಡರು.