ಸ್ಕಿಲ್ ಲ್ಯಾಬ್ ಡೆಮೊ ಆದ ಮೇಲೆ ಫೀಡ್‌ಬ್ಯಾಕ್: ಪೆಂಡಲ್ಟನ್ ಮಾದರಿ, ಒಂದು ಬಿ.ಪಿ. ಉದಾಹರಣೆಯ ಜೊತೆ

ಬಳ್ಳಾರಿಯ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಈಗ ಪ್ರಾಕ್ಟೀಸ್ ಟೀಚಿಂಗ್ ನಡೀತಿದೆ. ಬಿ.ಎಸ್ಸಿ. ಮೊದಲ ವರ್ಷದವರ ರಿಟರ್ನ್ ಡೆಮೊ ನೋಡಿ ಫೀಡ್‌ಬ್ಯಾಕ್ ಕೊಡೋದು ಎಂ.ಎಸ್ಸಿ.ಯವರಾದ ನಮ್ಮ ಕೆಲಸ. ಡೆಮೊ ಮಾಡಿಸೋದು, ಚೆಕ್‌ಲಿಸ್ಟ್ ತುಂಬೋದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಇಲ್ಲಿ ಬರೆಯಲ್ಲ. ಚೆಕ್‌ಲಿಸ್ಟ್ ಕೆಳಗಿಟ್ಟ ಮೇಲಿನ ಐದಾರು ನಿಮಿಷ ಏನು ಮಾತಾಡಬೇಕು ಅನ್ನೋದಷ್ಟೇ ಇಲ್ಲಿನ ವಿಷಯ.

ಮಾದರಿ ಏನು ಹೇಳುತ್ತೆ

ಡೇವಿಡ್ ಪೆಂಡಲ್ಟನ್ ಮತ್ತು ಅವರ ಜೊತೆಗಾರರು 1984ರಲ್ಲಿ ಇದನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರು ರೋಗಿಗಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ಕಲಿಸುವಾಗ ಹುಟ್ಟಿದ್ದು. ಈಗ ಯಾವ ಕೈಕೆಲಸದ ಡೆಮೊಗೂ ಬಳಸ್ತಾರೆ.

ಕ್ರಮ ಹೀಗಿದೆ. ಮೊದಲು ವಿದ್ಯಾರ್ಥಿ ಕೇಳಿಸಿಕೊಳ್ಳಲು ಸಿದ್ಧ ಇದ್ದಾಳಾ ಅಂತ ನೋಡಬೇಕು. ಆಮೇಲೆ ಏನು ಚೆನ್ನಾಗಿ ಆಯಿತು ಅಂತ ಅವಳೇ ಹೇಳಬೇಕು. ನಂತರ ನೋಡಿದವರು, ಏನು ಚೆನ್ನಾಗಿತ್ತು ಅಂತ ಹೇಳ್ತಾರೆ. ನಂತರ ಏನನ್ನು ಬೇರೆ ಥರ ಮಾಡಬಹುದಿತ್ತು ಅಂತ ಮತ್ತೆ ಅವಳೇ ಹೇಳಬೇಕು. ಆಮೇಲೆ ನೋಡಿದವರು, ಹೇಗೆ ಮಾಡಬಹುದು ಅಂತ ಹೇಳ್ತಾರೆ. ಕೊನೆಗೆ ಇಬ್ಬರೂ ಸೇರಿ ಮುಂದಿನ ಸಲಕ್ಕೆ ಏನು ಮಾಡೋದು ಅಂತ ಗೊತ್ತು ಮಾಡಿಕೊಳ್ತಾರೆ.

ಎರಡು ಕಡೆಯೂ ವಿದ್ಯಾರ್ಥಿಯದೇ ಮೊದಲ ಮಾತು. ಬಾಯಿಪಾಠ ಮಾಡೋಕೆ ಇಷ್ಟು ಸಾಕು. ಆದರೆ ಅವಳ ಮಾತು ಯಾಕೆ ಮೊದಲು? ನನಗೆ ಬಹಳ ದಿನ ಅರ್ಥವಾಗದೆ ಉಳಿದದ್ದು ಇದೇ. ಮಕ್ಕಳಿಗೆ ಬೇಜಾರಾಗಬಾರದು ಅಂತ ಮಾಡಿಕೊಂಡ ಸೌಜನ್ಯ ಅಂದುಕೊಂಡಿದ್ದೆ. ಅದಕ್ಕಿಂತ ಗಟ್ಟಿ ಕಾರಣ ಇದೆ. ಕೆಳಗಿನ ಉದಾಹರಣೆಯಲ್ಲಿ ಅದು ಕಾಣುತ್ತೆ.

ನೋಡುವಾಗಲೇ ಬರೆದುಕೊಳ್ಳಿ

ಚೆಕ್‌ಲಿಸ್ಟ್‌ನಲ್ಲಿ ‘ಮಾಡಿದಳು’, ‘ಮಾಡಲಿಲ್ಲ’ ಎರಡೇ ಕಾಲಂ ಇರುತ್ತೆ. ಹೇಗೆ ಮಾಡಿದಳು ಅನ್ನೋದು ಅದರಲ್ಲಿ ಸಿಗಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ಖಾಲಿ ಹಾಳೆ ಇಟ್ಟುಕೊಳ್ಳಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಗಡಿಯಾರ ತೋರಿಸಿದ್ದು ಮಾತ್ರ ಅದರಲ್ಲಿ ಬರೆಯಿರಿ. ‘ಕಾನ್ಫಿಡೆನ್ಸ್ ಕಮ್ಮಿ’, ‘ಗಡಿಬಿಡಿ’ ಅನ್ನೋದು ನಮ್ಮ ಅಭಿಪ್ರಾಯ. ‘ಬಿ.ಪಿ. ಮೀಟರ್‌ನ ಮುಳ್ಳು 180ರಿಂದ 60ಕ್ಕೆ 16 ಸೆಕೆಂಡಿನಲ್ಲಿ ಇಳಿಯಿತು’ ಅನ್ನೋದು ಕಂಡದ್ದು. ಮೊದಲನೆಯದನ್ನು ಕೇಳಿದವಳು ತಲೆ ತಗ್ಗಿಸ್ತಾಳೆ. ಎರಡನೆಯದನ್ನು ಕೇಳಿದವಳು ಮೀಟರ್ ಕಡೆ ನೋಡ್ತಾಳೆ.

ಉದಾಹರಣೆ: ಬಿ.ಪಿ. ನೋಡುವ ಡೆಮೊ

ಸಿರುಗುಪ್ಪ ಕಡೆಯ ಹುಡುಗಿ, ಮನೆಯಲ್ಲಿ ತೆಲುಗು. ರೋಗಿಯಾಗಿ ಕೂತವಳು ಅವಳ ಕ್ಲಾಸ್‌ಮೇಟ್. ಡಯಲ್ ಇರುವ ಬಿ.ಪಿ. ಮೀಟರ್. ನನ್ನ ಕಿವಿಯಲ್ಲೂ ಸ್ಟೆತೊಸ್ಕೋಪ್ ಇತ್ತು, ಒಂದೇ ಸಲ ಇಬ್ಬರು ಕೇಳುವಂಥ ಬೋಧನೆಯ ಸ್ಟೆತೊಸ್ಕೋಪ್. (ಫ್ಯಾನ್ ಆಫ್ ಮಾಡಿಸಿ. ನಮ್ಮೂರ ಸೆಕೆಗೆ ಎಲ್ಲರೂ ಗೊಣಗ್ತಾರೆ, ಆದರೆ ಆ ಸದ್ದಿನಲ್ಲಿ ಹೊಸಬರಿಗೆ ಏನೂ ಕೇಳಲ್ಲ.)

ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು. ರೋಗಿಗೆ ಏನು ಮಾಡ್ತೀನಿ ಅಂತ ಹೇಳಿದಳು. ಐದು ನಿಮಿಷ ಸುಮ್ಮನೆ ಕೂರಿಸಿದಳು, ಕಾಲ ಮೇಲೆ ಕಾಲು ಹಾಕಿದ್ದನ್ನು ತೆಗೆಸಿದಳು. ತೋಳನ್ನು ಎದೆಮಟ್ಟಕ್ಕೆ ದಿಂಬಿನ ಮೇಲೆ ಇಟ್ಟಳು. ಕಫ್ ಸರಿಯಾದ ಜಾಗದಲ್ಲಿ ಕಟ್ಟಿದಳು. ನಾಡಿ ಹಿಡಿದು ಅಂದಾಜು ನೋಡಲಿಲ್ಲ, ನೇರ 180ಕ್ಕೆ ಏರಿಸಿದಳು. 180ರಿಂದ 60ಕ್ಕೆ 16 ಸೆಕೆಂಡ್. ಅವಳು ಹೇಳಿದ ರೀಡಿಂಗ್ 110/80. ಅದೇ ಕೈಯಲ್ಲಿ ಎರಡು ನಿಮಿಷ ಬಿಟ್ಟು ನಿಧಾನವಾಗಿ ಇಳಿಸಿದಾಗ ನನಗೆ ಸಿಕ್ಕಿದ್ದು 118/72. ಯಾವ ಕೈ ಅಂತ ಚಾರ್ಟ್‌ನಲ್ಲಿ ಬರೆಯಲಿಲ್ಲ.

ಲೆಕ್ಕ ನೋಡಿ. ಸೆಕೆಂಡಿಗೆ 2ರಿಂದ 3 ಮಿ.ಮೀ. ಇಳಿಸಬೇಕು. 180ರಿಂದ 60 ಅಂದರೆ 120 ಮಿ.ಮೀ., ಅದಕ್ಕೆ 40ರಿಂದ 60 ಸೆಕೆಂಡ್ ಬೇಕು. ಅವಳು ಸೆಕೆಂಡಿಗೆ ಏಳೂವರೆ ಇಳಿಸಿದ್ದಾಳೆ. ಅಷ್ಟು ಜೋರಾಗಿ ಇಳಿದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆಯೇ ಮುಳ್ಳು ಐದಾರು ಮಿ.ಮೀ. ಜಾರಿರುತ್ತೆ. ಮೊದಲ ಸದ್ದು ತಡವಾಗಿ ಸಿಗುತ್ತೆ, ಸಿಸ್ಟೋಲಿಕ್ ಕಮ್ಮಿ ಬರುತ್ತೆ. ಕೊನೆಯ ಸದ್ದು ಬೇಗ ತಪ್ಪಿಹೋಗುತ್ತೆ, ಡಯಾಸ್ಟೋಲಿಕ್ ಜಾಸ್ತಿ ಬರುತ್ತೆ. 118/72 ಇದ್ದದ್ದು 110/80 ಆಗಿದ್ದು ಈ ದಾರಿಗೆ ಹೊಂದುತ್ತೆ.

ಈಗ ಮಾತು. ‘ಈಗಲೇ ಮಾತಾಡೋಣ್ವಾ, ನೀರು ಕುಡಿದು ಬರ್ತೀಯಾ?’ ಅಂದೆ. ‘ಈಗಲೇ ಅಕ್ಕ’ ಅಂದಳು. ‘ಯಾವುದು ಚೆನ್ನಾಗಿ ಆಯ್ತು?’

‘ಎಲ್ಲಾ ಚೆನ್ನಾಗೇ ಆಯ್ತು ಅನ್ಸುತ್ತಕ್ಕ.’

ಈ ಉತ್ತರ ತುಂಬಾ ಸಲ ಬರುತ್ತೆ. ಇದರ ತಮ್ಮ ‘ಎಲ್ಲಾ ತಪ್ಪಾಯ್ತಕ್ಕ’. ಎರಡಕ್ಕೂ ಮದ್ದು ಒಂದೇ, ಪ್ರಶ್ನೆಯನ್ನು ಚಿಕ್ಕದು ಮಾಡೋದು. ‘ಕಫ್ ಕಟ್ಟೋಕೆ ಮುಂಚೆ ಏನೇನು ಮಾಡ್ದೆ, ಹೇಳು’ ಅಂದೆ. ಆಗ ಕೂರಿಸಿದ್ದು, ಕಾಲು ತೆಗೆಸಿದ್ದು, ದಿಂಬು ಇಟ್ಟಿದ್ದು ಎಲ್ಲ ಹೇಳಿದಳು. ನಾನು ಅದಕ್ಕೆ ಸೇರಿಸಿದ್ದು ಇಷ್ಟೇ: ‘ತೋಳು ಎದೆಮಟ್ಟಕ್ಕೆ ಇಟ್ಟೆಯಲ್ಲ, ಕೆಳಗೆ ಜೋತುಬಿದ್ದಿದ್ದರೆ ರೀಡಿಂಗ್ ಜಾಸ್ತಿ ಬರ್ತಿತ್ತು.’ ಮೆಚ್ಚಿದ್ದು ಯಾಕೆ ಅಂತ ಹೇಳಿದರೆ ಅದು ಪಾಠವೂ ಆಗುತ್ತೆ. ಸುಮ್ನೆ ‘ಗುಡ್’ ಅಂದರೆ ಮುಂದಿನ ಸಲ ದಿಂಬು ಮರೆತುಹೋಗುತ್ತೆ.

ರೋಗಿಯಾಗಿ ಕೂತವಳನ್ನೂ ಕೇಳಿ. ನಮಗೆ ಕಾಣದ್ದು ಅವಳಿಗೆ ಗೊತ್ತಿರುತ್ತೆ. ಕಫ್ ಬಿಗಿ ಆಯಿತಾ, ಕೈ ಜೋಮು ಹಿಡಿಯಿತಾ ಅಂತ ಹೇಳಬಲ್ಲವಳು ಅವಳೊಬ್ಬಳೇ.

‘ಏನು ಬೇರೆ ಥರ ಮಾಡಬಹುದಿತ್ತು?’

ನನ್ನ ತಲೆ ಕೆಡಿಸಿದ ಹೆಜ್ಜೆ ಇದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನನ್ನ ಹಾಳೆಯಲ್ಲಿ ಎರಡು ದೊಡ್ಡ ಕೊರತೆ ಇತ್ತು: ನಾಡಿ ನೋಡಲಿಲ್ಲ, ಬೇಗ ಇಳಿಸಿದಳು. ಇವೆರಡು ಕಂಡ ತಕ್ಷಣ ನಾಲಿಗೆ ತುದಿಗೆ ಉತ್ತರ ಬಂದಿರುತ್ತೆ: ‘ನಾಡಿ ನೋಡು, ನಿಧಾನ ಇಳಿಸು.’ ಅಲ್ಲಿ ತಡೆದುಕೊಳ್ಳಬೇಕು. ಯಾಕಂದರೆ ನಮಗೆ ಕಂಡದ್ದು ಕೊರತೆ ಮಾತ್ರ, ಅದರ ಕಾರಣ ಅವಳೊಳಗೆ ಇದೆ. ಒಂದೇ ಕೊರತೆಗೆ ಮೂರು ಕಾರಣ ಇರಬಹುದು. ವಿಷಯವೇ ಗೊತ್ತಿಲ್ಲ. ಗೊತ್ತಿದೆ, ಕೈ ಪಳಗಿಲ್ಲ. ಗೊತ್ತಿದೆ, ಕೈಯೂ ಬರುತ್ತೆ, ಆ ಹೊತ್ತಿಗೆ ಮರೆತುಹೋಯಿತು. ಮೂರಕ್ಕೂ ಪರಿಹಾರ ಬೇರೆ ಬೇರೆ.

ಕೇಳಿದಾಗ ಅವಳು ಹೇಳಿದ್ದು: ‘ಗಾಳಿ ಬೇಗ ಬಿಟ್ಟೆ ಅಕ್ಕ. ನಿಧಾನ ಬಿಡಬೇಕು ಅಂತ ಗೊತ್ತಿತ್ತು. ವಾಲ್ವ್ ಒಂಚೂರು ತಿರುವಿದ್ದಕ್ಕೇ ಜರ್ರಂತ ಇಳಿದುಬಿಡ್ತು.’ ಅಂದರೆ ಇದು ಕೈಯ ಸಮಸ್ಯೆ. ಅವಳಿಗೆ ಸೆಕೆಂಡಿಗೆ 2ರಿಂದ 3 ಮಿ.ಮೀ. ಅಂತ ಮತ್ತೆ ಪಾಠ ಹೇಳಿದರೆ ವ್ಯರ್ಥ. ಅದು ಅವಳಿಗೆ ಬರುತ್ತೆ.

ನಾಡಿ ನೋಡದ ವಿಷಯ ಅವಳು ಎತ್ತಲೇ ಇಲ್ಲ. ನಾನು ಕೇಳಿದೆ: ‘180ರ ತನಕ ಏರಿಸಬೇಕು ಅಂತ ಹೇಗೆ ಗೊತ್ತು ಮಾಡ್ಕೊಂಡೆ?’ ‘ವಾರ್ಡಲ್ಲಿ ಎಲ್ಲರೂ ಅಷ್ಟಕ್ಕೇ ಏರಿಸ್ತಾರಲ್ಲಕ್ಕ’ ಅಂದಳು. ಇದು ಮರೆವಲ್ಲ, ಕೈಯ ಸಮಸ್ಯೆಯೂ ಅಲ್ಲ. ನಾಡಿ ಯಾಕೆ ನೋಡಬೇಕು ಅನ್ನೋದೇ ಗೊತ್ತಿಲ್ಲ. ಇಲ್ಲಿ ಕಾರಣ ವಿವರಿಸಲೇಬೇಕು.

ಹೊರಗಿನಿಂದ ನೋಡಿದರೆ ಎರಡೂ ‘ಸರಿಯಾಗಿ ಮಾಡಲಿಲ್ಲ’ ಅನ್ನೋ ಒಂದೇ ಟಿಕ್. ಅವಳು ಬಾಯಿ ಬಿಟ್ಟ ಮೇಲೆಯೇ ಎರಡೂ ಬೇರೆ ಅಂತ ತಿಳಿದದ್ದು. ವಿದ್ಯಾರ್ಥಿಯದು ಮೊದಲ ಮಾತು ಅನ್ನೋ ನಿಯಮದ ಗಟ್ಟಿ ಕಾರಣ ನನಗೆ ಕಂಡದ್ದು ಇಲ್ಲಿ. ನಾವು ಮೊದಲು ಮಾತಾಡಿಬಿಟ್ಟರೆ ಅವಳು ‘ಹೂಂ ಅಕ್ಕ’ ಅಂತಾಳೆ, ಕಾರಣ ಅಲ್ಲೇ ಮುಚ್ಚಿಹೋಗುತ್ತೆ.

ಒಂದು ಸಣ್ಣ ಸಂಗತಿ. ‘ಯಾಕೆ ನಾಡಿ ನೋಡಲಿಲ್ಲ?’ ಅಂತ ಕೇಳಿದರೆ ಬೈದ ಹಾಗೆ ಕೇಳಿಸುತ್ತೆ, ‘ಸಾರಿ ಅಕ್ಕ’ ಅಂತ ಮುಗಿಸ್ತಾಳೆ. ‘ಹೇಗೆ ಗೊತ್ತು ಮಾಡ್ಕೊಂಡೆ’ ಅಂದರೆ ತಾನು ಯೋಚಿಸಿದ್ದನ್ನು ಹೇಳ್ತಾಳೆ. ಕೇಳಿದ ಮೇಲೆ ಒಂದಷ್ಟು ಹೊತ್ತು ಸುಮ್ಮನಿರಿ. ತೆಲುಗಿನಲ್ಲಿ ಹೇಳಲು ಶುರು ಮಾಡಿದರೆ ಹೇಳಲಿ ಬಿಡಿ, ನಮಗೆ ಬೇಕಾದ್ದು ಕಾರಣ.

ನಮ್ಮ ಸರದಿ, ಮುಂದಿನ ಕೆಲಸ

ನಾಡಿಯ ವಿಷಯ ಹೀಗೆ ವಿವರಿಸಿದೆ. ಬಿ.ಪಿ. ಜಾಸ್ತಿ ಇರುವ ಕೆಲವರಲ್ಲಿ ಸದ್ದು ಮೇಲೆ ಶುರುವಾಗಿ ನಡುವೆ ನಿಂತುಹೋಗಿ ಕೆಳಗೆ ಮತ್ತೆ ಬರುತ್ತೆ. 210ಕ್ಕೆ ಸದ್ದು ಶುರು, 190ರಿಂದ 160ರ ನಡುವೆ ಮೌನ ಅಂತ ಇಟ್ಟುಕೋ. ನೀನು 180ಕ್ಕೆ ನಿಲ್ಲಿಸಿದರೆ ಆ ಮೌನದ ಒಳಗೇ ನಿಂತಿರ್ತೀಯ. ಇಳಿಸುವಾಗ 160ಕ್ಕೆ ಸದ್ದು ಕೇಳುತ್ತೆ, 160 ಅಂತ ಬರೀತೀಯ. ಸದ್ದು ಇಲ್ಲದಿದ್ದರೂ ನಾಡಿ ಬೆರಳಿಗೆ ಸಿಗುತ್ತೆ. ಹಾಗಾಗಿ ಮೊದಲು ನಾಡಿ ಎಲ್ಲಿ ನಿಲ್ಲುತ್ತೆ ನೋಡು, ಪೂರ್ತಿ ಇಳಿಸು, ಒಂದು ನಿಮಿಷ ಬಿಡು, ಆಮೇಲೆ ಅದಕ್ಕಿಂತ 30 ಮಿ.ಮೀ. ಮೇಲಕ್ಕೆ ಏರಿಸು. ಕೇಳಿದ ಮೇಲೆ ಅವಳದೇ ಮಾತಿನಲ್ಲಿ ವಾಪಸ್ ಹೇಳಿಸಿದೆ.

ವಾಲ್ವ್‌ಗೆ ವಿವರಣೆ ಬೇಡ, ಅಭ್ಯಾಸ ಬೇಕು. ಕಫ್ ಅನ್ನು ನೀರಿನ ಬಾಟಲಿಗೆ ಸುತ್ತಿ 180ಕ್ಕೆ ಏರಿಸಿ, ಹೆಬ್ಬೆರಳು ತೋರುಬೆರಳಿನಲ್ಲಿ ವಾಲ್ವ್ ಹಿಡಿದು, ಗಡಿಯಾರ ನೋಡುತ್ತಾ 60ಕ್ಕೆ ಇಳಿಸೋದು. 40 ಸೆಕೆಂಡಿಗಿಂತ ಮುಂಚೆ ಇಳಿಯಬಾರದು. ಸ್ಟೆತೊಸ್ಕೋಪ್ ಬೇಡ, ಗಮನವೆಲ್ಲ ಬೆರಳಲ್ಲೇ ಇರಲಿ.

ಯಾವ ಕೈ ಅಂತ ಬರೆಯದ್ದನ್ನು ಮಾತಿನಲ್ಲಿ ತೆಗೆಯಲಿಲ್ಲ, ಚೆಕ್‌ಲಿಸ್ಟ್‌ನಲ್ಲಿ ಗುರುತು ಹಾಕಿ ಕೊಟ್ಟೆ. ಒಂದು ಡೆಮೊಗೆ ಎರಡು ವಿಷಯ ಸಾಕು ಅನ್ನೋದು ನನ್ನ ಅಭಿಪ್ರಾಯ. ಯಾವೆರಡು? ರೀಡಿಂಗ್ ಅನ್ನೇ ಬದಲಿಸುವಂಥವು.

ಕೊನೆಯ ಹೆಜ್ಜೆಯಲ್ಲಿ ‘ಇನ್ನೂ ಪ್ರಾಕ್ಟೀಸ್ ಮಾಡ್ತೀನಿ’ ಅಂತ ಬರೆಸಿದರೆ ಏನೂ ಆಗಲ್ಲ. ಅವಳ ಪುಸ್ತಕದಲ್ಲಿ ಇದ್ದದ್ದು: ‘ಬಾಟಲಿ ಅಭ್ಯಾಸ, 40 ಸೆಕೆಂಡ್. ಗುರುವಾರ ನಾಡಿಯಿಂದ ಶುರು ಮಾಡಿ ಪೂರ್ತಿ ಡೆಮೊ.’ ಗುರುವಾರ ನಾವು ನೋಡಬೇಕಾದ್ದೂ ಅವೆರಡೇ.

ಎಲ್ಲಿ ಈ ಕ್ರಮ ನಡೆಯಲ್ಲ

ಅಪಾಯ ಆಗುವಂಥ ತಪ್ಪಿಗೆ ಕಾಯಬೇಡಿ. ಇಂಜೆಕ್ಷನ್ ಡೆಮೊದಲ್ಲಿ ಬಳಸಿದ ಸೂಜಿಗೆ ಎರಡೂ ಕೈಯಿಂದ ಮುಚ್ಚಳ ಹಾಕೋಕೆ ಹೋದರೆ ಅಲ್ಲೇ ನಿಲ್ಲಿಸಿ, ಶಾರ್ಪ್ಸ್ ಡಬ್ಬಿಗೆ ಹಾಕಿಸಿ, ಆಮೇಲೆ ಮುಂದುವರಿಸಿ.

ಅದೇ ಡೆಮೊಗೆ ಮಾರ್ಕ್ಸ್ ಇದ್ದರೆ ಯಾರೂ ತಮ್ಮ ಕೊರತೆ ಬಾಯಿ ಬಿಟ್ಟು ಹೇಳಲ್ಲ. ಅಭ್ಯಾಸದ ದಿನ, ಮಾರ್ಕ್ಸ್ ದಿನ ಬೇರೆ ಇರಲಿ.

ಇನ್ನೊಂದು ಆಕ್ಷೇಪ ಇದೆ. ಒಳ್ಳೆಯದು ಮೊದಲು, ಕೊರತೆ ಆಮೇಲೆ ಅನ್ನೋ ಕಟ್ಟು ಗೊತ್ತಾದ ಮೇಲೆ ವಿದ್ಯಾರ್ಥಿಗಳು ಮೊದಲರ್ಧ ಕಿವಿಗೇ ಹಾಕಿಕೊಳ್ಳಲ್ಲ, ‘ಆದ್ರೆ’ ಯಾವಾಗ ಬರುತ್ತೆ ಅಂತ ಕಾಯ್ತಿರ್ತಾರೆ. ಕೊನೆ ವರ್ಷದವರಲ್ಲಿ ಇದು ಜಾಸ್ತಿ. ಅವರ ಹತ್ತಿರ ನಾನು ಕ್ರಮ ಸಡಿಲಿಸಿ, ‘ಯಾವ ಹೆಜ್ಜೆ ಬಗ್ಗೆ ಮಾತಾಡಬೇಕು ಅನ್ಸುತ್ತೆ?’ ಅಂತ ಕೇಳಿ ಅಲ್ಲಿಂದಲೇ ಶುರು ಮಾಡ್ತೀನಿ. ಮೊದಲ ಮಾತು ಅವರದೇ ಆಗಿರುತ್ತೆ, ಅದನ್ನು ಮಾತ್ರ ಬಿಡಲ್ಲ.