ಬಾವುಟ ಚೆನ್ನಾಗಿದೆ ಸರ್, ಕಂಬ ಎಲ್ಲಿಂದ ಅಳೆದ್ರಿ?

ಹೋದ ತಿಂಗಳು ದಾವಣಗೆರೆಯಿಂದ ಒಬ್ರು ರಿಟೈರ್ಡ್ ಮೇಷ್ಟ್ರು ವಾಟ್ಸಾಪಲ್ಲಿ ಒಂದು ಚಾರ್ಟ್ ಕಳಿಸಿದ್ರು. ಡೇಲಿ ಚಾರ್ಟ್, ನೀಟಾಗಿ ಎರಡು ಗೆರೆ ಎಳೆದು ಮಧ್ಯೆ ಬುಲ್ ಫ್ಲಾಗ್ ಅಂತ ಬರೆದಿದ್ರು, ಅಂದ್ರೆ ಜೋರಾಗಿ ಏರಿದ ಷೇರು ಮತ್ತೆ ಏರೋ ಮುಂಚೆ ಸುಸ್ತಾರಿಸ್ಕೊಳ್ಳುವಾಗ ಚಾರ್ಟಲ್ಲಿ ಮೂಡೋ ಬಾವುಟದ ಆಕಾರ, ಕೆಳಗೆ ಒಂದೇ ಪ್ರಶ್ನೆ: "ಸರ್, ಟಾರ್ಗೆಟ್ 677 ಬರುತ್ತೆ ಅಲ್ವಾ?" ಷೇರು ಆಗ ಇದ್ದದ್ದು 480ರ ಆಸುಪಾಸಲ್ಲಿ. ಗೆರೆಗಳು ಸರಿಯಾಗೇ ಇದ್ವು, ನಿಜ ಹೇಳ್ಬೇಕಂದ್ರೆ ನಾನು ಎಳೆಯೋದಕ್ಕಿಂತ ನೀಟಾಗಿದ್ವು. ಆದ್ರೆ ಸ್ಕ್ರೀನ್‌ಶಾಟಲ್ಲಿ, ದಿನಕ್ಕೆ ಎಷ್ಟು ಷೇರು ಕೈ ಬದಲಾಯ್ತು ಅಂತ ತೋರಿಸೋ ಕೆಳಗಿನ ವಾಲ್ಯೂಮ್ ಬಾರ್‌ಗಳೇ ಕಾಣ್ತಿರಲಿಲ್ಲ, ಚಾರ್ಟ್ ದೊಡ್ಡದಾಗಿ ಕಾಣ್ಲಿ ಅಂತ ಅದನ್ನ ಕಟ್ ಮಾಡಿದ್ರಂತೆ.

ನನ್ನ ಹತ್ರ ಬರೋ ಫ್ಲಾಗ್ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೀಗೇ ಇರುತ್ತೆ. ಬಾವುಟದ ಆಕಾರ ಎಲ್ರಿಗೂ ಕಾಣುತ್ತೆ, ಕಂಬದ ಬುಡ ತಪ್ಪಾಗಿರುತ್ತೆ, ವಾಲ್ಯೂಮ್ ನೋಡಿರಲ್ಲ. ಅದಕ್ಕೆ ಈ ಸಲ ಆ ಮೇಷ್ಟ್ರ ಷೇರನ್ನೇ ಇಟ್ಕೊಂಡು ಹೇಳ್ತೀನಿ, ಹೆಸರು ಬೇಡ, ಒಂದು ಮಿಡ್‌ಕ್ಯಾಪ್ ಅಂದ್ಕೊಳ್ಳಿ, ಅಂಕಿಗಳನ್ನ ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಸ್ವಲ್ಪ ರೌಂಡ್ ಮಾಡಿದೀನಿ.

ಆ ಷೇರು ಆರು ವಾರ 395ರಿಂದ 410ರ ಒಳಗೇ ತಿರುಗ್ತಾ ಇತ್ತು, ದಿನಕ್ಕೆ ಸುಮಾರು 6 ಲಕ್ಷ ಷೇರು ವ್ಯವಹಾರ. ಒಂದು ಸಂಜೆ ರಿಸಲ್ಟ್ ಬಂತು, ಮಾರನೇ ದಿನ 410 ದಾಟಿ 428ಕ್ಕೆ ಕ್ಲೋಸ್, ವಾಲ್ಯೂಮ್ 42 ಲಕ್ಷ. ಅಲ್ಲಿಂದ ಆರೇ ಸೆಷನ್ನಲ್ಲಿ 500 ಮುಟ್ಟಿತು, ಮಧ್ಯೆ ಒಂದು ಕೆಂಪು ಕ್ಯಾಂಡಲ್ ಕೂಡ ಇಲ್ಲ, ಸರಾಸರಿ ದಿನಕ್ಕೆ 35 ಲಕ್ಷ ವಾಲ್ಯೂಮ್. ಇದು ಪೋಲ್, ಅಂದ್ರೆ ಕಂಬ. ನಿಧಾನಕ್ಕೆ ಎರಡು ತಿಂಗಳು ಹತ್ತಿದ್ದನ್ನ ಕಂಬ ಅನ್ನಬೇಡಿ, ಅದು ಬರೀ ಅಪ್‌ಟ್ರೆಂಡ್. ಕಂಬ ಅಂದ್ರೆ ನೋಡಿದ ತಕ್ಷಣ "ಅಯ್ಯೋ ಬಿಟ್ಟೋಯ್ತಲ್ಲ" ಅಂತ ಹೊಟ್ಟೆ ಉರಿಬೇಕು, ಹಾಗಿರಬೇಕು.

ಈಗ ಕಂಬದ ಎತ್ತರ ಎಷ್ಟು? ಮೇಷ್ಟ್ರು 310ರಿಂದ ಅಳೆದಿದ್ರು, ಅದು ಆ ಷೇರಿನ ವರ್ಷದ ತಳ. 500 ಕಳೆದು 310, ಅಂದ್ರೆ 190, ಅದನ್ನ ಬೆಲೆ ಬಾವುಟದ ಮೇಲಿನ ಗೆರೆ ದಾಟಿ ಬ್ರೇಕೌಟ್ ಆಗಬಹುದಾದ 487ಕ್ಕೆ ಕೂಡಿಸಿ 677. ಲೆಕ್ಕ ಸರಿ, ಬುಡ ತಪ್ಪು. 310ರಿಂದ 410ರವರೆಗಿನ ಏರಿಕೆ ಬೇರೆ ಕಾಲದ್ದು, ಆಗ ಕೊಂಡೋರು ಬೇರೆ, ಆಮೇಲೆ ಆರು ವಾರ ಷೇರು ಅಡ್ಡಡ್ಡ ಹೋಗಿ ಆ ಓಟ ಮುಗಿದೇ ಹೋಗಿತ್ತು. ಈ ಓಟ ಶುರುವಾಗಿದ್ದು 410 ದಾಟಿದ ದಿನ, ಕಂಬ ನೆಟ್ಟಿರೋದು ಅಲ್ಲಿ. ಹಾಗಾಗಿ ಎತ್ತರ 90 ರೂಪಾಯಿ ಅಷ್ಟೇ. ಬುಡ ಎಲ್ಲಿ ಅಂತ ಗೊಂದಲ ಆದ್ರೆ ವಾಲ್ಯೂಮ್ ಮೊದಲು ಎದ್ದ ದಿನ ಹುಡುಕಿ, ಅದರ ಹಿಂದೆ ಷೇರು ಯಾವ ರೇಂಜಲ್ಲಿ ಸಿಕ್ಕಾಕೊಂಡಿತ್ತೋ ಆ ರೇಂಜಿನ ಮೇಲಂಚೇ ಬುಡ.

500 ಮುಟ್ಟಿದ ಮೇಲೆ ಎಂಟು ದಿನ ಷೇರು ಮೆಲ್ಲಗೆ ಕೆಳಗೆ ಜಾರ್ತು. ಹೈಗಳನ್ನ ಸೇರಿಸಿ ಒಂದು ಗೆರೆ, ಲೋಗಳನ್ನ ಸೇರಿಸಿ ಇನ್ನೊಂದು, ಎರಡೂ ಹೆಚ್ಚುಕಮ್ಮಿ ಸಮಾನಾಂತರ, ಎರಡೂ ದಿನಕ್ಕೆ ಒಂದೂವರೆ ರೂಪಾಯಿಯಷ್ಟು ಕೆಳಕ್ಕೆ ವಾಲಿದ್ವು. ಇದು ಫ್ಲಾಗ್. ಗೆರೆಗಳು ಸಮಾನಾಂತರ ಹೋಗದೆ ಒಂದಕ್ಕೊಂದು ಹತ್ರ ಬಂದು ಪುಟ್ಟ ತ್ರಿಕೋನ ಆದ್ರೆ ಪೆನ್ನಂಟ್. ಎರಡರ ಸ್ವಭಾವ ಒಂದೇ, ಅಳೆಯೋದೂ ಒಂದೇ ಥರ, ಆಕಾರ ಮಾತ್ರ ಬೇರೆ, ಅದರ ಮೇಲೆ ಜಾಸ್ತಿ ವಾದ ಮಾಡೋದು ಟೈಮ್ ವೇಸ್ಟ್. ಒಂದು ಮಾತು ಮಾತ್ರ, ಪೆನ್ನಂಟಲ್ಲಿ ಬೆಲೆ ತ್ರಿಕೋನದ ತುದಿವರೆಗೂ ತೆವಳ್ಕೊಂಡು ಹೋಗಿ ಆಮೇಲೆ ಆಚೆ ಬಂದ್ರೆ ನಾನು ಸಾಮಾನ್ಯವಾಗಿ ಕೈ ಹಾಕಲ್ಲ, ಅಷ್ಟೊತ್ತಿಗೆ ಕಂಬದ ಬಿಸಿ ಆರಿ ಹೋಗಿರುತ್ತೆ. ಫ್ಲಾಗ್ ಆದ್ರೂ ಅಷ್ಟೇ, ಡೇಲಿ ಚಾರ್ಟಲ್ಲಿ ಒಂದರಿಂದ ಮೂರು ವಾರ ಸರಿ, ಅದಕ್ಕಿಂತ ಜಾಸ್ತಿ ಆದ್ರೆ ಅದು ಸುಸ್ತಾರಿಸ್ಕೊಳ್ಳೋದಲ್ಲ, ನಿದ್ದೆ.

ನಮ್ಮ ಷೇರಲ್ಲಿ ಬಾವುಟದ ತಳ 475. ಅಂದ್ರೆ 90ರಲ್ಲಿ 25 ರೂಪಾಯಿ ವಾಪಸ್ ಕೊಟ್ಟಿದೆ, ಶೇಕಡಾ 28. ಮೂರನೇ ಒಂದು ಭಾಗದ ಒಳಗಿದ್ರೆ ನಂಗೆ ಖುಷಿ, ಅರ್ಧ ಕಂಬ ಇಳಿದುಬಿಟ್ರೆ ಆ ಚಾರ್ಟನ್ನ ಲಿಸ್ಟಿಂದ ತೆಗೀತೀನಿ.

ಈಗ ವಾಲ್ಯೂಮ್, ಎಲ್ಲದಕ್ಕಿಂತ ಜಾಸ್ತಿ ಹೊತ್ತು ನೋಡಬೇಕಾದ್ದು ಇದನ್ನೇ. ಎಂಟು ದಿನದ ವಾಲ್ಯೂಮ್ ಹೀಗಿತ್ತು: ಮೊದಲ ದಿನ 19 ಲಕ್ಷ, ಆಮೇಲೆ 15, 12, 10, 11, 8, 7, ಕೊನೇ ದಿನ 7. ಬೆಲೆ ಇಳೀತಿದೆ, ಆದ್ರೆ ಇಳಿಸೋರು ದಿನಾ ಕಮ್ಮಿ ಆಗ್ತಿದಾರೆ. ಎಪಿಎಂಸಿ ಯಾರ್ಡಲ್ಲಿ ಹರಾಜು ನೋಡಿದೋರಿಗೆ ಇದು ಗೊತ್ತು, ಐವತ್ತು ಮೂಟೆ ಮಾತ್ರ ಬಂದ ದಿನ ರೇಟು ಎರಡು ರೂಪಾಯಿ ಬಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಲಾರಿಗಟ್ಲೆ ಮಾಲು ಬಂದು ಬಿದ್ರೆ ಮಾತ್ರ ಭಯ. ಕಂಬ ಹತ್ತುವಾಗ 35 ಲಕ್ಷ ಷೇರು ದಿನಾ ಕೊಂಡೋರು ಇದ್ರಲ್ಲ, ಅವರಲ್ಲಿ ಹೆಚ್ಚಿನೋರು ಇನ್ನೂ ಮಾರಿಲ್ಲ ಅಂತ ಈ ಒಣಗ್ತಾ ಹೋಗೋ ಬಾರ್‌ಗಳು ಹೇಳ್ತಿವೆ. ಅವರು ಮಾರೋಕೆ ಶುರು ಮಾಡಿದ್ರೆ ಅಷ್ಟು ದೊಡ್ಡ ಮಾಲು ಮುಚ್ಚಿಡೋಕೆ ಆಗಲ್ಲ, ವಾಲ್ಯೂಮಲ್ಲಿ ಕಂಡೇ ಕಾಣುತ್ತೆ.

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಚಾರ್ಟಲ್ಲಿ ವಾಲ್ಯೂಮಿನ ಮೇಲೆ 20 ದಿನದ ಸರಾಸರಿ ಗೆರೆ ಹಾಕಿರ್ತೀವಲ್ಲ, ಬಾವುಟದ ಬಾರ್‌ಗಳೆಲ್ಲ ಅದರ ಕೆಳಗಿವೆ ಅಂತ ಸಮಾಧಾನ ಪಟ್ಕೋತಾರೆ. ಆದ್ರೆ ಆ ಸರಾಸರಿಯಲ್ಲಿ ಕಂಬದ ದೈತ್ಯ ದಿನಗಳೂ ಸೇರ್ಕೊಂಡಿವೆ, ಗೆರೆ ತಾನಾಗೇ ಮೇಲೆ ಎದ್ದಿರುತ್ತೆ, ಏನು ಬಂದ್ರೂ ಅದರ ಕೆಳಗೇ ಕಾಣೋದು. ನಾನು ಹೋಲಿಸೋದು ಕಂಬಕ್ಕಿಂತ ಮುಂಚಿನ ಮಾಮೂಲಿ ದಿನದ ಜೊತೆ. ಇಲ್ಲಿ ಅದು 6 ಲಕ್ಷ ಇತ್ತು, ಬಾವುಟದ ಕೊನೇಲಿ 7 ಲಕ್ಷಕ್ಕೆ ಬಂದಿದೆ, ಅಂದ್ರೆ ಹೆಚ್ಚುಕಮ್ಮಿ ಹಳೇ ಮಟ್ಟಕ್ಕೆ ಒಣಗಿದೆ. ಜೊತೆಗೆ ಕೆಂಪು ದಿನದ ಬಾರು ದೊಡ್ಡದಾ ಹಸಿರು ದಿನದ್ದು ದೊಡ್ಡದಾ ನೋಡ್ತೀನಿ. ಒಟ್ಟಾರೆ ವಾಲ್ಯೂಮ್ ಕಮ್ಮಿ ಇದ್ರೂ ಇಳಿದ ದಿನಗಳಲ್ಲೇ ಬಾರು ಉಬ್ಬುತ್ತಿದ್ರೆ ಯಾರೋ ಮೆಲ್ಲಗೆ ಮಾಲು ಖಾಲಿ ಮಾಡ್ತಿರಬಹುದು, ಅಂಥ ಫ್ಲಾಗು ಎಷ್ಟು ಸುಂದರವಾಗಿದ್ರೂ ಬೇಡ.

ಇನ್ನೊಂದು, ಅಪ್ಪರ್ ಸರ್ಕ್ಯೂಟ್ ಕಂಬ. ಸಣ್ಣ ಷೇರುಗಳು ದಿನಾ ಶೇಕಡಾ 5ರ ಸರ್ಕ್ಯೂಟಲ್ಲಿ, ಅಂದ್ರೆ ಆ ದಿನಕ್ಕೆ ಏರಬಹುದಾದ ಗರಿಷ್ಠ ಮಿತಿಯಲ್ಲಿ, ಲಾಕ್ ಆಗಿ ಹತ್ತುತ್ವಲ್ಲ, ಅಲ್ಲಿ ಮಾರೋರೇ ಇರಲ್ಲ, ಹಾಗಾಗಿ ಹತ್ತುವಾಗ ವಾಲ್ಯೂಮೇ ಇರಲ್ಲ. ಸರ್ಕ್ಯೂಟ್ ಬಿಟ್ಟ ದಿನ ಒಂದೇ ಸಲ ಮಾಲು ಸುರಿಯುತ್ತೆ, ನೋಡೋಕೆ ಬಾವುಟದ ಹಾಗೇ ಇರುತ್ತೆ, ಆದ್ರೆ ವಾಲ್ಯೂಮ್ ಪೂರ್ತಿ ತಲೆಕೆಳಗು, ಕಂಬ ಒಣ, ಬಾವುಟ ಭಾರ. ಅದನ್ನ ಬುಲ್ ಫ್ಲಾಗ್ ಅಂತ ಕೊಂಡೋರ ಫೋನ್ ನಂಗೆ ವರ್ಷಕ್ಕೆ ನಾಲ್ಕೈದು ಬರುತ್ತೆ.

ನಮ್ಮ ಷೇರಿಗೆ ವಾಪಸ್ ಬರೋಣ. ಒಂಬತ್ತನೇ ದಿನ ಮೇಲಿನ ಗೆರೆ 487ರ ಹತ್ರ ಇತ್ತು, ಷೇರು ಅದನ್ನ ದಾಟಿ 492ಕ್ಕೆ ಕ್ಲೋಸ್ ಆಯ್ತು, ವಾಲ್ಯೂಮ್ 24 ಲಕ್ಷ. ಬಾವುಟದ ಸರಾಸರಿ 11 ಲಕ್ಷ ಇತ್ತು, ಅದರ ಎರಡು ಪಟ್ಟಿಗಿಂತ ಜಾಸ್ತಿ, ಸಾಕು, ಕಂಬದ ದಿನದಷ್ಟೇ ಬರಬೇಕು ಅಂತೇನಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಗೆರೆ ದಾಟಿತು ಅಂತ ನಾನು ಹಾರಲ್ಲ, ಮೂರು ಗಂಟೆ ಮೇಲೆ ನೋಡ್ತೀನಿ, ಅಷ್ಟೊತ್ತಿಗೆ ದಿನದ ವಾಲ್ಯೂಮ್ ಎಷ್ಟಾಗುತ್ತೆ ಅಂತ ಅಂದಾಜು ಸಿಕ್ಕಿರುತ್ತೆ.

ಟಾರ್ಗೆಟ್ ಲೆಕ್ಕ ಮೂರು ಥರ ಹಾಕ್ತಾರೆ. ಬ್ರೇಕೌಟ್ ಜಾಗಕ್ಕೆ ಕಂಬ ಕೂಡಿಸಿದ್ರೆ 487ಕ್ಕೆ 90 ಸೇರಿ 577. ಬಾವುಟದ ತಳಕ್ಕೆ ಕೂಡಿಸಿದ್ರೆ 565. ರೂಪಾಯಿ ಬಿಟ್ಟು ಶೇಕಡಾವಾರು ನೋಡಿದ್ರೆ ಕಂಬ 410ರಿಂದ ಶೇಕಡಾ 22 ಏರಿದೆ, ಅದನ್ನೇ 487ಕ್ಕೆ ಹಾಕಿದ್ರೆ 594. ಯಾವುದು ಸರಿ ಅಂತ ಕೇಳಿದ್ರೆ ನನ್ನ ಉತ್ತರ, ಕಮ್ಮಿ ಇರೋದು. ಕಂಬದಷ್ಟೇ ಎತ್ತರ ಮತ್ತೆ ಹೋಗುತ್ತೆ ಅನ್ನೋದು ಅಂದಾಜು ಕಣ್ರೀ, ಮಾರ್ಕೆಟ್ ಬರೆದುಕೊಟ್ಟ ಚೆಕ್ ಅಲ್ಲ. ನಾನು ಅದನ್ನ ಬಳಸೋದು ಟ್ರೇಡ್ ತಗೊಳ್ಳೋದಾ ಬೇಡ್ವಾ ಅಂತ ನಿರ್ಧಾರ ಮಾಡೋಕೆ. 492ಕ್ಕೆ ಕೊಂಡು ತಳದ ಕೆಳಗೆ 473ಕ್ಕೆ ಸ್ಟಾಪ್‌ಲಾಸ್ ಇಟ್ರೆ ಷೇರಿಗೆ 19 ರೂಪಾಯಿ ರಿಸ್ಕ್, 565ರ ತನಕ 73 ರೂಪಾಯಿ ಜಾಗ ಇದೆ, ಪರ್ವಾಗಿಲ್ಲ. ಈ ಟ್ರೇಡಲ್ಲಿ 5,000ಕ್ಕಿಂತ ಜಾಸ್ತಿ ಕಳ್ಕೊಳ್ಳಲ್ಲ ಅಂತ ಮೇಷ್ಟ್ರು ಹೇಳಿದ್ರು, ಅದನ್ನ 19ರಿಂದ ಭಾಗಿಸಿದ್ರೆ 263 ಷೇರು, ಸುಮಾರು 1.29 ಲಕ್ಷ ರೂಪಾಯಿ ಹಾಕಬೇಕು. ಅವರು ಮೊದಲು ಸಾವಿರ ಷೇರು ತಗೊಳ್ಳೋಕೆ ಹೊರಟಿದ್ರು, 677 ನೋಡ್ಕೊಂಡು.

ಷೇರು ಹೋಗಿದ್ದು 551ರವರೆಗೆ. 487ರಿಂದ 64 ರೂಪಾಯಿ, ಅಂದ್ರೆ ಕಂಬದ ಶೇಕಡಾ 71. 565 ಕೂಡ ಮುಟ್ಟಲಿಲ್ಲ. ಅರ್ಧ 540ರಲ್ಲಿ ಮಾರಿ, ಉಳಿದಿದ್ದಕ್ಕೆ ಸ್ಟಾಪ್‌ಲಾಸ್ ಏರಿಸ್ತಾ ಬಂದು 528ರಲ್ಲಿ ಆಚೆ ಬಂದ್ವಿ. 677ಕ್ಕೆ ಕಾದು ಕೂತಿದ್ರೆ ಏನಾಗ್ತಿತ್ತು ಅಂತ ಮೇಷ್ಟ್ರೇ ಆಮೇಲೆ ಲೆಕ್ಕ ಹಾಕಿ ಕಳಿಸಿದ್ರು, ಷೇರು ತಿಂಗಳೊಳಗೆ 490ಕ್ಕೆ ವಾಪಸ್ ಬಂದಿತ್ತು.

ಇಷ್ಟೆಲ್ಲ ಹೇಳೋ ನಾನೇ ಕೆಲವು ವರ್ಷದ ಹಿಂದೆ ದೀಪಾವಳಿ ಮುಹೂರ್ತ ಟ್ರೇಡಿಂಗಲ್ಲಿ ಒಂದು ಪೆನ್ನಂಟ್ ಬ್ರೇಕೌಟ್ ಕೊಂಡಿದ್ದೆ. ಆಕಾರ ಅಂದ್ರೆ ಆಕಾರ, ವಾಲ್ಯೂಮ್ ಒಣಗಿದ್ದೂ ಸರಿಯಾಗಿತ್ತು, ಆ ಒಂದು ಗಂಟೆಯಲ್ಲಿ ಬೆಲೆ ಗೆರೆ ದಾಟಿ ಆಚೆ ಬಂತು, ಮನೇಲಿ ಪೂಜೆ ಮುಗಿದಿತ್ತು, ಶುಭ ಗಳಿಗೆ ಬೇರೆ, ಬೈ ಒತ್ತಿದೆ. ಒಂದು ಗಂಟೆಯ ಸೆಷನ್ನು, ಶಾಸ್ತ್ರಕ್ಕೆ ಅಂತ ಎಲ್ರೂ ಹತ್ತು ಷೇರು ಕೊಳ್ಳೋ ಹೊತ್ತು, ಅಲ್ಲಿ ಎಂಥ ವಾಲ್ಯೂಮ್, ಎಂಥ ಬ್ರೇಕೌಟ್. ಮಾಮೂಲಿ ವ್ಯವಹಾರ ಶುರುವಾದ ಮೊದಲ ದಿನವೇ ಬೆಲೆ ತ್ರಿಕೋನದ ಒಳಗೆ ವಾಪಸ್ ಬಂತು, ಎರಡನೇ ದಿನ ಕೆಳಗಿಂದ ಒಡೀತು, ಸ್ಟಾಪ್‌ಲಾಸ್ ಹೊಡೀತು. ಈಗ ಮುಹೂರ್ತದ ದಿನದ ಕ್ಯಾಂಡಲ್ಲನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಶಾಸ್ತ್ರಕ್ಕೆ ಒಂದು ಗೋಲ್ಡ್ ಇಟಿಎಫ್ ಯೂನಿಟ್ ಕೊಂಡು ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗ್ತೀನಿ.