ಎರಡನೇ ಜೋಡಿಯನ್ನು ಕತ್ತರಿಸಬೇಡಿ

ಕೊಡಗಿನ ದುಡಿಕೊಟ್ಟ್ ಪಾಟನ್ನು ಕಿರುಚಿತ್ರಕ್ಕೆ ತರುವವರು ಎಡವುವುದು ಹೆಚ್ಚಾಗಿ ಎಡಿಟಿಂಗ್ ಟೇಬಲ್ಲಿನಲ್ಲಿ. ಹಾಡುವವರು ನಾಲ್ವರು, ನಾಲ್ವರ ಕೈಯಲ್ಲೂ ದುಡಿ ಎಂಬ ಪುಟ್ಟ ಚರ್ಮವಾದ್ಯ. ಇಬ್ಬರು ಸಾಲು ಹೇಳುತ್ತಾರೆ, ಉಳಿದಿಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಕೊಡವರ ಭಾಷೆ ಕೊಡವ ತಕ್ಕ್ ತಿಳಿಯದ ಎಡಿಟರ್‌ಗೆ ಎರಡನೆಯದು ಬರೀ ಪುನರಾವರ್ತನೆ. ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದೇ ಅದಕ್ಕೆ.

ಆದರೆ ಮೊದಲ ಜೋಡಿ ಉಸಿರು ತೆಗೆದುಕೊಳ್ಳುವುದೂ ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುವುದೂ ಆ ಹೊತ್ತಿನಲ್ಲೇ. ಅದನ್ನು ತೆಗೆದರೆ ಅದೇ ಇಬ್ಬರು ಉಸಿರೇ ಬಿಡದೆ ಹಾಡುತ್ತಿರುವಂತೆ ಕೇಳುತ್ತದೆ. ದುಡಿಯ ತಾಳ ಸರಿಯಾಗಿಯೇ ಕೂತಿರುತ್ತದೆ, ಆದರೂ ಹಾಡು ಓಡಿದಂತಿರುತ್ತದೆ. ಅನುಮಾನವಿದ್ದರೆ ಕಣ್ಣು ಮುಚ್ಚಿ ಕೇಳಿ: ದನಿ ಆ ಕಡೆಯಿಂದ ಈ ಕಡೆಗೆ ದಾಟುತ್ತಿಲ್ಲವೆಂದರೆ ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ.

ಒಂದು ಲೆಕ್ಕ ನೋಡೋಣ. ಸಾಲಿಗೆ ನಾಲ್ಕು ಸೆಕೆಂಡ್, ಮರುದನಿಗೆ ನಾಲ್ಕು ಎಂದಿಟ್ಟುಕೊಳ್ಳಿ. ಎರಡು ನಿಮಿಷದ ಹಾಡಿನಲ್ಲಿ ಇಂಥ 15 ಘಟಕ. ಚಿತ್ರದಲ್ಲಿ ಒಂದೇ ನಿಮಿಷ ಜಾಗವಿದೆಯೆಂದರೆ ಏಳು ಘಟಕಗಳನ್ನು ಇಡಿಯಾಗಿ ಉಳಿಸಿ, ಎಂಟನ್ನು ಇಡಿಯಾಗಿ ಬಿಡಿ. ಯಾವುದನ್ನು ಬಿಡಬೇಕೆಂದು ಹಾಡಿದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಒಕ್ಕದ, ಅಂದರೆ ಮನೆತನದ ಹೆಸರೋ ಊರಿನ ಹೆಸರೋ ಬರುವ ಸಾಲನ್ನು ಅವರು ಬಿಡಲೊಪ್ಪದಿದ್ದರೆ ವಾದಿಸಬೇಡಿ.

1924ರಲ್ಲಿ ನಡಿಕೇರಿಯಂಡ ಚಿನ್ನಪ್ಪನವರು ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಇಂಥ ಹಾಡುಗಳು ಕನ್ನಡ ಲಿಪಿಯಲ್ಲೇ ಸಿಗುತ್ತವೆ. ಅದನ್ನು ಓದಿದ ವೇಗದಲ್ಲಿ ಸ್ಕ್ರಿಪ್ಟಿನ ಅವಧಿ ಅಳೆದರೆ ಮಾತ್ರ ಮೋಸ ಹೋಗುತ್ತೀರಿ. ಹಾಡಿಸಿ, ಗಡಿಯಾರ ನೋಡಿ.

ಧ್ವನಿಯನ್ನು ಒಂದೇ ಓಟದಲ್ಲಿ, ನಾಲ್ವರ ಹತ್ತಿರವೇ ರೆಕಾರ್ಡರ್ ಇಟ್ಟು ಹಿಡಿಯಿರಿ. ಎರಡನೇ ಸಲ ಹಾಡಿದಾಗ ವೇಗ ಅಷ್ಟೇ ಇರುವುದಿಲ್ಲ, ಆದ್ದರಿಂದ ಆಗ ತೆಗೆದ ತುಟಿಯ ಕ್ಲೋಸಪ್ ಮೊದಲಿನ ಧ್ವನಿಗೆ ಕೂರದು. ದುಡಿ ಬಡಿಯುವ ಕೈಯ ಹತ್ತಿರದ ಶಾಟ್‌ಗೂ ಇದೇ ತೊಂದರೆ. ಮರುದನಿಯ ಆ ನಾಲ್ಕು ಸೆಕೆಂಡಿನಲ್ಲಿ ಕೇಳುವವರ ಮುಖ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪ, ಕಥೆಯ ದೃಶ್ಯ ಏನನ್ನಾದರೂ ತೋರಿಸಬಹುದು. ಸಬ್‌ಟೈಟಲ್ ಮೊದಲ ಜೋಡಿಗೆ ಮಾತ್ರ ಸಾಕು. ಅರ್ಥ ಓದಿ ಮುಗಿಸಿದ ಪ್ರೇಕ್ಷಕ ಎರಡನೇ ಜೋಡಿಯನ್ನು ಕೇಳಲಿ.

ದೂರದ ಕ್ಯಾಮೆರಾದ ಮೈಕ್ ನಂಬಬೇಡಿ. ಮಂದ್ ಎಂಬ ಊರ ಬಯಲಿನಲ್ಲಿ ನಡೆಯುವ ಸುಗ್ಗಿಹಬ್ಬದ ಪುತ್ತರಿ ಕೋಲಾಟವನ್ನು 34 ಮೀಟರ್ ಆಚೆಯಿಂದ ಹಿಡಿದರೆ ಕೋಲಿನ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. 25 ಫ್ರೇಮಿನ ಚಿತ್ರದಲ್ಲಿ ಅದು ಎರಡೂವರೆ ಫ್ರೇಮ್. ಕೋಲು ತಾಗಿದ ಮೇಲೆ ಸದ್ದು ಬರುವುದು ಕಣ್ಣಿಗೇ ಗೊತ್ತಾಗಬಹುದು.

ಇನ್ನು ಹಾಡಿನ ಸಂದರ್ಭ. ಮಂಗಲ ಪಾಟ್‌ಗೂ ಚಾವು ಪಾಟ್‌ಗೂ ಹಿಂದೆ ದುಡಿಯೇ ಇರುವುದು. ಹೊರಗಿನ ಕಿವಿಗೆ ಎರಡೂ ಒಂದೇ. ಮದುವೆಯ ದೃಶ್ಯದಡಿ ಸಾವಿನ ಹಾಡು ಹಾಕಿದರೆ ಬೆಂಗಳೂರಿನಲ್ಲಿ ಯಾರಿಗೂ ತಿಳಿಯಲಿಕ್ಕಿಲ್ಲ, ವಿರಾಜಪೇಟೆಯಲ್ಲಿ ಜನ ಎದ್ದು ಹೋದಾರು. ಫೈಲಿಗೆ ‘ದುಡಿ 1’, ‘ದುಡಿ 2’ ಎನ್ನುವ ಬದಲು ಹಾಡಿನ ಹೆಸರು, ಸಂದರ್ಭ, ಮೊದಲ ಸಾಲು ಬರೆಯುವ ರೂಢಿ ರೆಕಾರ್ಡಿಂಗ್ ದಿನವೇ ಶುರುವಾಗಬೇಕು.